ಹೊಸ ರೂಟರ್‌ಗೆ ಹಳೆಯ ಕಿಂಡಲ್ ಸೇರಿಸುವುದು ಹೇಗೆ?

ಮನೆಗೆ ಹೊಸ ಫೈಬರ್ ರೂಟರ್ ಬಂದಿದೆ. ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ವೈಫೈಗೆ ಸೇರಿಕೊಂಡಿವೆ. 2013ರ ಕಿಂಡಲ್ ಪೇಪರ್‌ವೈಟ್ ಮಾತ್ರ ಸೇರುತ್ತಿಲ್ಲ. ಪಾಸ್‌ವರ್ಡನ್ನು ಎಷ್ಟು ಸಲ ಸರಿಯಾಗಿ ಒತ್ತಿದರೂ ಸಂಪರ್ಕ ಸಿಗುತ್ತಿಲ್ಲ ಎನ್ನುತ್ತದೆ. ಕಿಂಡಲ್ ಹಾಳಾಯಿತು ಎಂದು ಅದನ್ನು ಮೂಲೆಗೆ ಹಾಕಬೇಡಿ. ಬಹುಪಾಲು ಸಂದರ್ಭಗಳಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ರೂಟರ್ ಕೇಳುವ ಭದ್ರತಾ ವಿಧಾನ ಅದಕ್ಕೆ ಗೊತ್ತಿರುವುದಿಲ್ಲ, ಅಷ್ಟೇ.

ಹಳೆಯ ಕಿಂಡಲ್‌ಗಳಿಗೆ ಗೊತ್ತಿರುವುದು 2004ರಲ್ಲಿ ಬಂದ WPA2 ಎಂಬ ಭದ್ರತಾ ವಿಧಾನದವರೆಗೆ ಮಾತ್ರ. 2018ರಲ್ಲಿ ಬಂದ WPA3ಯಲ್ಲಿ ಪಾಸ್‌ವರ್ಡ್ ಪರೀಕ್ಷಿಸುವ ರೀತಿಯೇ ಬೇರೆ. ಅದರ ಜೊತೆಗೆ PMF ಎಂಬ ಇನ್ನೊಂದು ಷರತ್ತೂ ಇದೆ. ವೈಫೈಗೆ ಸೇರಿರುವ ಸಾಧನವನ್ನು ಯಾರೋ ಹೊರಗಿನವರು ಸುಳ್ಳು ಸಂದೇಶ ಕಳಿಸಿ ಹೊರದಬ್ಬದಂತೆ ತಡೆಯುವ ವ್ಯವಸ್ಥೆ ಇದು. WPA3ಗೆ ಇದು ಕಡ್ಡಾಯ. ಇದನ್ನು ಅರಿಯದ ಸಾಧನವನ್ನು ರೂಟರ್ ಬಾಗಿಲಲ್ಲೇ ತಡೆಯುತ್ತದೆ.

ಯುಎಸ್‌ಬಿ ಕೇಬಲ್ ಇದೆಯಲ್ಲ, ವೈಫೈ ಯಾಕೆ ಬೇಕು ಎನ್ನಬಹುದು. ನಿಮ್ಮ ಬಳಿ ಇರುವ ಕಡತಗಳನ್ನು ಕೇಬಲ್ ಮೂಲಕ documents ಫೋಲ್ಡರಿಗೆ ಹಾಕಬಹುದು, ನಿಜ. ಆದರೆ ಖರೀದಿಸಿದ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್‌ನಲ್ಲಿ ಸಾಗಿಸುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಹಾಗಾಗಿ ಕೊಂಡ ಪುಸ್ತಕ ಹಳೆಯ ಕಿಂಡಲ್‌ಗೆ ಬರಬೇಕಾದರೆ ವೈಫೈ ಬೇಕೇ ಬೇಕು.

ಮೊದಲು ತೊಂದರೆ ಎಲ್ಲಿದೆ ನೋಡಿ

ರೂಟರ್ ಮುಟ್ಟುವ ಮೊದಲು ಕಿಂಡಲ್‌ನ ವೈಫೈ ಪಟ್ಟಿ ತೆರೆಯಿರಿ. ನಿಮ್ಮ ಮನೆಯ ವೈಫೈ ಹೆಸರು ಅಲ್ಲಿ ಕಾಣುತ್ತಿಲ್ಲ ಎಂದರೆ ಅದು ಭದ್ರತೆಯ ತೊಂದರೆ ಅಲ್ಲ, ತರಂಗದ ತೊಂದರೆ. ಈ ಕಿಂಡಲ್‌ಗೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ, 5 ಗಿಗಾಹರ್ಟ್ಸ್ ಕೇಳಿಸುವುದಿಲ್ಲ. ಇನ್ನೊಂದು ಕಾರಣ ನಮ್ಮಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. 2.4 ಗಿಗಾಹರ್ಟ್ಸ್ ತರಂಗವನ್ನು ಚಾನೆಲ್ ಎಂಬ ಸಂಖ್ಯೆಯ ಭಾಗಗಳಾಗಿ ಹಂಚಿರುತ್ತಾರೆ, ಭಾರತದಲ್ಲಿ ರೂಟರ್‌ಗಳು 12 ಮತ್ತು 13ನೇ ಚಾನೆಲ್‌ಗಳನ್ನೂ ಬಳಸಬಹುದು. ಅಮೆರಿಕದ ಲೆಕ್ಕದಲ್ಲಿ ತಯಾರಾದ ಹಳೆಯ ಸಾಧನಗಳು 11ರವರೆಗೆ ಮಾತ್ರ ಹುಡುಕುತ್ತವೆ. ಚಾನೆಲ್ ಆಯ್ಕೆ Auto ಎಂದಿದ್ದರೆ ರೂಟರ್ ತಾನಾಗಿಯೇ 13ಕ್ಕೆ ಜಿಗಿಯಬಹುದು. ನಿನ್ನೆ ಕಂಡ ಹೆಸರು ಇವತ್ತು ಮಾಯವಾದರೆ ಇದನ್ನೇ ಅನುಮಾನಿಸಿ.

ಹೆಸರು ಕಾಣುತ್ತದೆ, ಆದರೆ ಸೇರಲು ಹೋದರೆ ಆಗುವುದಿಲ್ಲ ಎಂದರೆ ಭದ್ರತೆಯ ಕಡೆ ನೋಡಬೇಕು. ಖಚಿತಪಡಿಸಿಕೊಳ್ಳಲು ಫೋನಿನ ಹಾಟ್‌ಸ್ಪಾಟ್ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಂಡ್ 2.4, ಭದ್ರತೆ WPA2 ಎಂದು ಇಡಿ. ಐಫೋನ್ ಆದರೆ Maximize Compatibility ಆನ್ ಮಾಡಿ. ಕಿಂಡಲ್ ಇದಕ್ಕೆ ಸೇರಿಕೊಂಡರೆ ಅದರಲ್ಲಿ ದೋಷವಿಲ್ಲ, ಬದಲಾಯಿಸಬೇಕಾದ್ದು ರೂಟರ್‌ನ ಸೆಟ್ಟಿಂಗ್. ಅಪರೂಪಕ್ಕೊಂದು ಪುಸ್ತಕ ಇಳಿಸಿಕೊಳ್ಳುವವರಿಗೆ ಈ ಹಾಟ್‌ಸ್ಪಾಟೇ ಸಾಕು, ಮುಂದಿನದು ಬೇಕಾಗುವುದೂ ಇಲ್ಲ.

ಗೆಸ್ಟ್ ನೆಟ್‌ವರ್ಕ್ ಮಾಡಿ

ಒಂದು ಕಿಂಡಲ್‌ಗೋಸ್ಕರ ಇಡೀ ಮನೆಯ ಭದ್ರತೆಯನ್ನು ಇಳಿಸುವುದು ತಪ್ಪು. ಅದಕ್ಕೆ ಬೇರೆ ಹೆಸರಿನ ಗೆಸ್ಟ್ ನೆಟ್‌ವರ್ಕ್ ಮಾಡಿಕೊಡಿ.

ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ತೆರೆಯಿರಿ. ಸರಿಯಾದ ವಿಳಾಸ, ಲಾಗಿನ್ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್ ತಳದ ಚೀಟಿಯಲ್ಲಿರುತ್ತವೆ. ಒಳಗೆ Guest Network ಹುಡುಕಿ, 2.4 ಗಿಗಾಹರ್ಟ್ಸ್‌ನದ್ದನ್ನು ಮಾತ್ರ ಆನ್ ಮಾಡಿ. ಕೆಲವು ರೂಟರ್‌ಗಳಲ್ಲಿ ಇದು SSID2 ಎಂಬ ಹೆಸರಿನಲ್ಲಿರುತ್ತದೆ. SSID ಎಂದರೆ ವೈಫೈ ಹೆಸರು. ಹೀಗೆ ತುಂಬಿ:

```
SSID: odu-kone
Security: WPA2-PSK
Encryption: AES
PMF: Disabled
Channel: 6
Channel width: 20 MHz
```

PMF ಸಾಲು ಎಲ್ಲ ರೂಟರ್‌ಗಳಲ್ಲೂ ಕಾಣುವುದಿಲ್ಲ. ಕಂಡರೆ ಅದು Required ಎಂದು ಇರಕೂಡದು. Capable ಎಂದಿದ್ದರೂ ಸಾಮಾನ್ಯವಾಗಿ ನಡೆಯುತ್ತದೆ, ಆದರೆ ಕೆಲವು ಹಳೆಯ ಸಾಧನಗಳು ಅಲ್ಲೂ ಎಡವುತ್ತವೆ. WPA2/WPA3 ಎಂಬ ಮಿಶ್ರ ಆಯ್ಕೆಯ ಕಥೆಯೂ ಇದೇ. ಹಾಗಾಗಿ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಮಿಶ್ರ ಬೇಡ, ಬರೀ WPA2 ಇಡಿ. ಚಾನೆಲ್ ಆಯ್ಕೆ ಸಾಮಾನ್ಯವಾಗಿ ಗೆಸ್ಟ್ ಪುಟದಲ್ಲಿ ಇರುವುದಿಲ್ಲ, 2.4 ಗಿಗಾಹರ್ಟ್ಸ್‌ನ ಮುಖ್ಯ ಪುಟದಲ್ಲಿರುತ್ತದೆ. 1, 6, 11ರಲ್ಲಿ ಯಾವುದಾದರೂ ಆದೀತು.

ಪಾಸ್‌ವರ್ಡ್ ಹೊಸದಿರಲಿ, ಮನೆಯ ಮುಖ್ಯ ವೈಫೈದು ಬೇಡ. ಕಿಂಡಲ್‌ನ ನಿಧಾನದ ಪರದೆಯಲ್ಲಿ @ # ಹುಡುಕುತ್ತಾ ಕೂರುವುದು ಕಷ್ಟ ಅಲ್ವಾ? ಸಣ್ಣ ಅಕ್ಷರ ಮತ್ತು ಅಂಕಿಗಳಲ್ಲೇ 16 ಅಥವಾ ಅದಕ್ಕಿಂತ ಜಾಸ್ತಿ ಉದ್ದದ, ಊಹಿಸಲಾಗದ ಪಾಸ್‌ವರ್ಡ್ ಮಾಡಿ. ಗೆಸ್ಟ್‌ಗಳು ಒಳಗಿನ ಸಾಧನಗಳನ್ನು ನೋಡಬಹುದು ಎಂಬ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ಆಗ ಮನೆಯ ಕಂಪ್ಯೂಟರು, ಪ್ರಿಂಟರು ಈ ದಾರಿಯಿಂದ ಕೈಗೆ ಸಿಗುವುದಿಲ್ಲ.

ಉಳಿಸಿದ ಮೇಲೆ ರೂಟರ್‌ಗೆ ಒಂದೆರಡು ನಿಮಿಷ ಕೊಡಿ. ಕಿಂಡಲನ್ನು ರೀಸ್ಟಾರ್ಟ್ ಮಾಡಿ, ಪಟ್ಟಿಯಲ್ಲಿ odu-kone ಆರಿಸಿ ಸೇರಿಸಿ.

WPA2 ಕೂಡ ಬಾರದ ಸಾಧನಗಳು

ಇನ್ನೂ ಹಳೆಯ ಕೆಲವು ಸಾಧನಗಳಿಗೆ ಗೊತ್ತಿರುವುದು 2003ರ WPA, ಅಂದರೆ TKIP ಎಂಬ ಹಳೆಯ ಬೀಗ ಮಾತ್ರ. WPA2ದ ಬೀಗ AES. ಇಂಥದ್ದಕ್ಕಾಗಿ ಮುಖ್ಯ ನೆಟ್‌ವರ್ಕನ್ನು TKIP+AES ಎಂದು ಇಡಬೇಡಿ. ಹಾಗೆ ಮಾಡಿದರೆ, ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವ ಸಂದೇಶಗಳಿಗೆ ದುರ್ಬಲವಾದ TKIPಯೇ ಬೀಗವಾಗುತ್ತದೆ. ಹೊಸ ಫೋನಿಗೂ ಅದೇ ಗತಿ. ಬರೀ TKIP ಇಟ್ಟರೆ ವೇಗವೂ 54 ಎಂಬಿಪಿಎಸ್‌ಗೆ ಕುಸಿಯುತ್ತದೆ. ಗೆಸ್ಟ್‌ನಲ್ಲಿ ಮಾತ್ರ ಇಟ್ಟು, ಕೆಲಸವಾದ ಕೂಡಲೇ ಆ ಗೆಸ್ಟನ್ನು ಆಫ್ ಮಾಡಿ.

WPAಗಿಂತಲೂ ಹಳೆಯ ವಿಧಾನವಾದ WEP ಮಾತ್ರ ಬಲ್ಲ ಸಾಧನವಾದರೆ ನನ್ನ ಸಲಹೆ ಒಂದೇ: ವೈಫೈ ಬಿಡಿ, ಕೇಬಲ್ ಬಳಸಿ. WEPನ ಬೀಗ ಮುರಿಯುವ ದಾರಿ 2001ರಲ್ಲೇ ಬಯಲಾಯಿತು. 2007ರ ಹೊತ್ತಿಗೆ ಅದಕ್ಕೆ ಒಂದು ನಿಮಿಷವೂ ಬೇಕಾಗದ ಸ್ಥಿತಿ ಬಂತು. ಪಕ್ಕದ ಮನೆಯವರು ಸುಮ್ನೆ ಇಂಟರ್ನೆಟ್ ಬಳಸಿಕೊಳ್ಳುತ್ತಾರೆ ಎನ್ನುವಷ್ಟಕ್ಕೇ ಇದು ಮುಗಿಯುವುದಿಲ್ಲ. 2008ರ ಅಹಮದಾಬಾದ್ ಸ್ಫೋಟಗಳ ಹೊತ್ತಿನಲ್ಲಿ ಬಂದ ಇಮೇಲಿನ ಜಾಡು ನವಿ ಮುಂಬೈನ ಒಂದು ಮನೆಯ ವೈಫೈಗೆ ಹೋಗಿ ನಿಂತಿತು. ಬೀಗವಿಲ್ಲದ ಆ ವೈಫೈಯನ್ನು ಬೇರೆಯವರು ಬಳಸಿದ್ದರು. ಆದರೂ ಪೊಲೀಸರ ವಿಚಾರಣೆ ಎದುರಿಸಿದ್ದು ಆ ಮನೆಯಾತ.

ಹಳೆಯ ರೂಟರ್ ಒಂದನ್ನು ಹೊಸದರ ಹಿಂದೆ ಕೇಬಲ್‌ನಲ್ಲಿ ಜೋಡಿಸಿ, ಅದರಲ್ಲಿ WEP ಇಟ್ಟರೆ ಬೇರೆಯಾಗಿರುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಉಲ್ಟಾ. ಹಿಂದಿನ ರೂಟರ್‌ಗೆ ನುಗ್ಗಿದವರಿಗೆ ಮುಂದಿನ ರೂಟರ್‌ನ ಸಾಧನಗಳೂ ಸಿಗುತ್ತವೆ.

ಸೇರಿತು, ಆದರೆ ಅಂಗಡಿ ತೆರೆಯುತ್ತಿಲ್ಲ

ವೈಫೈ ಗುರುತು ಬಂದರೂ ಪುಸ್ತಕ ಇಳಿಯದಿದ್ದರೆ ಮತ್ತೆ ರೂಟರ್ ಕೆದಕಬೇಡಿ. ಮೊದಲು ಕಿಂಡಲ್‌ನ ಗಡಿಯಾರ ನೋಡಿ. ಬ್ಯಾಟರಿ ಪೂರ್ತಿ ಇಳಿದು ಬಹಳ ದಿನ ಬಿದ್ದಿದ್ದರೆ ಸಮಯ ತಪ್ಪಿರುತ್ತದೆ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣದ ಪ್ರಮಾಣಪತ್ರ ಅದಕ್ಕೆ ಸುಳ್ಳಿನಂತೆ ಕಾಣುತ್ತದೆ. ಗಡಿಯಾರ ಸರಿ ಇದ್ದರೆ ತಂತ್ರಾಂಶ ಹಳೆಯದಾಗಿರಬಹುದು. ಅಮೆಜಾನ್ ತಾಣದಿಂದ ನಿಮ್ಮ ಮಾದರಿಯದೇ ಅಪ್‌ಡೇಟ್ ಕಡತ ಇಳಿಸಿಕೊಳ್ಳಿ. ಕೇಬಲ್ ಹಾಕಿ ಅದನ್ನು ಕಿಂಡಲ್ ಡ್ರೈವ್‌ಗೆ ನಕಲಿಸಿ, ಯಾವ ಫೋಲ್ಡರ್ ಒಳಗೂ ಇಡಬೇಡಿ. ಕೇಬಲ್ ತೆಗೆದು, Settings ಮೆನುವಿನಲ್ಲಿ Update Your Kindle ಒತ್ತಿ. ಆ ಸಾಲು ಮಸುಕಾಗಿದ್ದರೆ ಕಡತ ತಪ್ಪು ಮಾದರಿಯದ್ದು, ಅಥವಾ ಅದೇ ಆವೃತ್ತಿ ಕಿಂಡಲ್‌ನಲ್ಲಿ ಈಗಾಗಲೇ ಇದೆ.