ದೀಪದ ತಪ್ಪೋ, ಲಾರಿ ಸದ್ದಿನ ತಪ್ಪೋ? ರಸ್ತೆ ಬದಿಯ ಹುಳ, ಹಕ್ಕಿಗಳ ಲೆಕ್ಕ ಹಿಡಿಯುವುದು ಹೀಗೆ

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೋಗುವಾಗ ಮಂಡಗದ್ದೆಯಲ್ಲಿ ಹೆದ್ದಾರಿ ತುಂಗೆಯ ಪಕ್ಕಕ್ಕೇ ಬರುತ್ತದೆ. ಮಳೆಗಾಲದಲ್ಲಿ ಅಲ್ಲಿನ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಇಂಥ ರಸ್ತೆ ಬದಿಯಲ್ಲಿ ಹಕ್ಕಿ ಕಡಿಮೆಯಾದರೆ ದೂರು ಮೊದಲು ಬೀಳುವುದು ದೀಪದ ಮೇಲೆ. ದೀಪ ಕಣ್ಣಿಗೆ ಕಾಣುತ್ತದಲ್ಲ! ಆದರೆ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ರಾಬಿನ್ ಹಕ್ಕಿಗಳು ರಾತ್ರಿ ಹಾಡುವುದೇಕೆ ಎಂದು ಹುಡುಕಿದಾಗ (2007ರ ಅಧ್ಯಯನ) ದೀಪಕ್ಕಿಂತ ಹಗಲಿನ ಸದ್ದೇ ಹೆಚ್ಚು ಹೊಂದಿಕೆಯಾಯಿತು. ಹಗಲು ಗದ್ದಲವಿದ್ದ ಕಡೆ ಅವು ಹಾಡನ್ನು ರಾತ್ರಿಗೆ ತಳ್ಳಿದ್ದವು. ರಸ್ತೆಯಲ್ಲಿ ಬೆಳಕು, ಸದ್ದು ಎರಡೂ ಜೊತೆಗೇ ಬರುವುದರಿಂದ ಬೇರ್ಪಡಿಸದೆ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ.

ಬೇರ್ಪಡಿಸಲು ನಾಲ್ಕು ಜಾಗ ಬೇಕು. ಎರಡೂ ಇರುವ ಹೆದ್ದಾರಿ ಬದಿ, ದೀಪ ಮಾತ್ರ ಇರುವ ಊರೊಳಗಿನ ಓಣಿ, ಸದ್ದು ಮಾತ್ರ ಇರುವ ಜಾಗ, ಎರಡೂ ಇಲ್ಲದ ಒಳಭಾಗ. ನಾಲ್ಕರಲ್ಲೂ ಗಿಡಮರ ಒಂದೇ ಬಗೆಯದಿರಲಿ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಗದ್ದೆ ಆದರೆ ಹೋಲಿಕೆಯೇ ಕೆಡುತ್ತದೆ. ಕಷ್ಟವಾಗುವುದು ಮೂರನೆಯದು. ಕಂಬವಿಲ್ಲದ ರಸ್ತೆಗೂ ವಾಹನದ ಹೆಡ್‌ಲೈಟ್ ಬೀಳುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಒಂದು ಅನುಕೂಲ ಉಂಟು: ರಸ್ತೆ ಕಡಿದು ಎತ್ತರದ ಧರೆ ಉಳಿದಿರುವ ಕಡೆ, ಧರೆಯ ಮೇಲಿನ ತೋಟಕ್ಕೆ ಬೆಳಕು ಬೀಳುವುದಿಲ್ಲ, ಎಂಜಿನ್ ಸದ್ದು ಮಾತ್ರ ಏರಿ ಬರುತ್ತದೆ. ಧರೆಯ ಅಂಚಿನಿಂದ ದೂರ ಸರಿದಷ್ಟೂ ಸದ್ದೂ ತಗ್ಗುವುದರಿಂದ, ಅಲ್ಲೇ ನಿಂತು ಅಳೆದು ಜಾಗ ಗೊತ್ತುಮಾಡಿ.

ಈಗ ಅಳತೆ. ಬೆಳಕು ಅಳೆಯುವ ಫೋನಿನ ಲಕ್ಸ್ ಆ್ಯಪ್ 1 ಲಕ್ಸ್‌ಗಿಂತ ಕೆಳಗೆ ನಂಬಿಕೆಗೆ ಅರ್ಹವಲ್ಲ. ಆದ್ದರಿಂದ ದೀಪದ ಹತ್ತಿರ ಅಳೆದು ಮುಂದಿನದನ್ನು ಲೆಕ್ಕ ಹಾಕಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. 10 ಮೀಟರಿನಲ್ಲಿ 10 ಲಕ್ಸ್ ಇದ್ದರೆ 20 ಮೀಟರಿನಲ್ಲಿ 2.5, 40ರಲ್ಲಿ 0.6, 80ರಲ್ಲಿ ಸುಮಾರು 0.16. ಬಹಳ ಕಡಿಮೆಯಾಯಿತಲ್ಲ ಎನ್ನಬೇಡಿ, ಹುಣ್ಣಿಮೆಯ ಬೆಳದಿಂಗಳೇ 0.1ರಿಂದ 0.3 ಲಕ್ಸ್! ಎಡೆಬಿಡದೆ ವಾಹನ ಓಡುವ ರಸ್ತೆಯ ಸದ್ದು ಇನ್ನೂ ಹಠಮಾರಿ, ದೂರ ಎರಡು ಪಟ್ಟಾದರೂ 3 ಡೆಸಿಬಲ್ ಮಾತ್ರ ಇಳಿಯುತ್ತದೆ. 10 ಮೀಟರಿನಲ್ಲಿ 65 ಇದ್ದದ್ದು 80 ಮೀಟರಿನಲ್ಲೂ 56. ಜನವಸತಿ ಪ್ರದೇಶಕ್ಕೆ ನಮ್ಮ ದೇಶದ ನಿಯಮ ರಾತ್ರಿ ಒಪ್ಪುವ ಮಿತಿ 45.

ಇಲ್ಲಿ ಒಂದು ಮೋಸವಿದೆ. ಮಳೆಗಾಲದ ರಾತ್ರಿ ಯಾವ ವಾಹನವೂ ಇಲ್ಲದ ತೋಟದಲ್ಲೂ ಸದ್ದಿನ ಮೀಟರ್ ಜೋರಾಗಿ ಏರುತ್ತದೆ. ಅದು ಕಪ್ಪೆ, ಜೀರುಂಡೆಗಳ ಕೂಗು, ಹರಿವ ನೀರು. ಧ್ವನಿ ಆವರ್ತನ ತೋರಿಸುವ ಆ್ಯಪ್ ಬಳಸಿ: ವಾಹನದ ಸದ್ದು ಬಹುಪಾಲು 2,000 ಹರ್ಟ್ಸ್‌ಗಿಂತ ಕೆಳಗಿರುತ್ತದೆ, ಜೀರುಂಡೆಯ ಗುಂಗು ಅದಕ್ಕಿಂತ ಮೇಲೆ. ಸರಾಸರಿಯ ಜೊತೆಗೆ ಏಕಾಏಕಿ ಏರುವ ಹಾರ್ನ್, ಬ್ರೇಕ್ ಸದ್ದನ್ನೂ ಸಮಯ ಸಮೇತ ಬರೆದಿಡಿ. ತಂಗುವ ಹಕ್ಕಿಗಳನ್ನು ಎಬ್ಬಿಸುವುದು ಬಹುಶಃ ಅದೇ.

ಹುಳ ಎಣಿಸುವಾಗ ದೊಡ್ಡ ತಪ್ಪೆಂದರೆ ದೀಪದ ಕೆಳಗೇ ಎಣಿಸುವುದು. ಹೈ-ಸ್ಪೀಡ್ ಕ್ಯಾಮೆರಾ ತೋರಿಸಿದಂತೆ (2024) ಪತಂಗ ದೀಪಕ್ಕೆ ಮೋಹಗೊಂಡು ಬರುವುದಲ್ಲ. ಬೆಳಕಿರುವ ಕಡೆಯೇ ಆಕಾಶವೆಂದು ಬೆನ್ನನ್ನು ಅತ್ತ ತಿರುಗಿಸುತ್ತದೆ, ದಾರಿ ಬಾಗಿ ಸುತ್ತುತ್ತಲೇ ಸಿಕ್ಕಿಬೀಳುತ್ತದೆ. ಹಾಗಾಗಿ ದೀಪದಡಿ ಗುಂಪು ದೊಡ್ಡದಾಗಿದ್ದರೂ ಸುತ್ತಲಿನ ಬೇಲಿ ಬರಿದಾಗಿರಬಹುದು. ಇಂಗ್ಲೆಂಡಿನಲ್ಲಿ ಬೀದಿದೀಪವಿದ್ದ ಬೇಲಿಸಾಲುಗಳಲ್ಲಿ ಪತಂಗದ ಮರಿಹುಳು ಕತ್ತಲ ಬೇಲಿಗಿಂತ 47 ಶೇಕಡಾ ಕಡಿಮೆ ಸಿಕ್ಕಿದ್ದವು (2021).

ದೀಪದ ಬಲೆ ಬೇಡ, ಬೀದಿದೀಪದೊಂದಿಗೆ ಅದು ಪೈಪೋಟಿಗೆ ಬೀಳುತ್ತದೆ. ಚೆನ್ನಾಗಿ ಕಳಿತ ನಾಲ್ಕು ಬಾಳೆಹಣ್ಣು, 200 ಗ್ರಾಂ ಬೆಲ್ಲ ಕಿವುಚಿ ಒಂದು ದಿನ ಹುಳಿಯಲು ಬಿಡಿ. ಕತ್ತಲಾಗುವಾಗ ಎದೆಯೆತ್ತರದಲ್ಲಿ ಕಾಂಡಕ್ಕೆ ಬಳಿಯಿರಿ, ಅರ್ಧ ಗಂಟೆಗೊಮ್ಮೆ ಕೆಂಪು ಬೆಳಕಿನ ಟಾರ್ಚಿನಲ್ಲಿ ನೋಡಿ. ಮಳೆ ತೊಳೆಯದಂತೆ ಮೇಲೆ ಅಡಿಕೆ ಹಾಳೆ ಕಟ್ಟಿ. ಈ ರಸಕ್ಕೆ ಎಲ್ಲವೂ ಬರುವುದಿಲ್ಲ. ಅಟ್ಲಾಸ್ ಪತಂಗಕ್ಕೆ ದೊಡ್ಡದಾದ ಮೇಲೆ ತಿನ್ನುವ ಬಾಯಿಯೇ ಇರುವುದಿಲ್ಲ.

ಹಕ್ಕಿಗೆ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲೇ ಕೂರಿ. ಕೊನೆಯ ಹಕ್ಕಿ ಬಂದ ಸಮಯ, ಗುಂಪು ಎದ್ದು ಹಾರಿದ ಸಲ, ಮರದ ಯಾವ ಮಗ್ಗುಲು ಖಾಲಿ ಎಂಬಷ್ಟು ಸಾಕು. ಹುಣ್ಣಿಮೆಯ ಹಿಂದುಮುಂದಿನ ಐದು ರಾತ್ರಿ ಬಿಟ್ಟು, ಪ್ರತಿ ಜಾಗಕ್ಕೆ ಕನಿಷ್ಠ ಆರು ರಾತ್ರಿ ಬೇಕು.

ಓಣಿಯಲ್ಲೂ ಹೆದ್ದಾರಿಯಷ್ಟೇ ಕೊರತೆ ಕಂಡರೆ ದೀಪಕ್ಕೆ ಮುಚ್ಚಳ ಹಾಕಿಸಿ, 2,200 ಕೆಲ್ವಿನ್‌ನ ಹಳದಿ ಬಲ್ಬಿಗೆ ಬದಲಾಯಿಸಿ. ಮಿಂಚುಹುಳದ ಕಣ್ಣು ಹಳದಿ-ಹಸಿರಿಗೇ ಹೊಂದಿಕೊಂಡಿರುವುದರಿಂದ ಅದಕ್ಕೆ ಈ ಬಲ್ಬೂ ತೊಂದರೆಯೇ, ಅವು ಮಿನುಗುವ ವಾರಗಳಲ್ಲಿ ದೀಪ ಆರಿಸಲೇಬೇಕು. ಧರೆಯ ಮೇಲಿನ ತೋಟದಲ್ಲೂ ಕೊರತೆ ಕಂಡರೆ ತಪ್ಪು ಸದ್ದಿನದು. ಒಂದು ಸಾಲು ಮರ ನೆಟ್ಟರೆ ಅದು ತಡೆಯುವುದಿಲ್ಲ. ಮಣ್ಣಿನ ದಿಬ್ಬ ಬೇಕು, ಇಲ್ಲವೇ ರಾತ್ರಿ ವಾಹನದ ವೇಗ ತಗ್ಗಬೇಕು.