ಆಶ್ಲೇಷಾ ಮಳೆಗೆ ಮೊದಲು ಅರ್ಧ ತೋಟ

"ಇದೇನು, ಕಾದಂಬರಿಯೋ ಹವಾಮಾನ ವರದಿಯೋ?" ಎಂದು ಕೇಳಿದವರು ನನ್ನ ಕರಡು ಓದಿದ ಗೆಳೆಯರೇ. ಪ್ರಕಾಶಕರೊಬ್ಬರು ಇನ್ನೂ ಮುಂದೆ ಹೋಗಿ, ಮಳೆಯ ಪುಟಗಳನ್ನೆಲ್ಲ ತೆಗೆದುಕೊಟ್ಟರೆ ನೋಡೋಣ ಅಂದರು. ನಾನು ತೆಗೆಯಲಿಲ್ಲ, ಅವರು ಹಾಕಲಿಲ್ಲ. ಕೊನೆಗೆ ಸ್ವಂತ ದುಡ್ಡಿನಲ್ಲಿ ಸಾವಿರ ಪ್ರತಿ ಹಾಕಿಸಿದೆ, ಲಕ್ಷದ ಮೇಲೆ ಇಪ್ಪತ್ತೋ ಇಪ್ಪತ್ತೈದೋ ಸಾವಿರ ಬಿತ್ತು. ಈಗ ಮನೆಯಲ್ಲಿ ಉಳಿದಿರುವುದು ಎರಡು ಕಟ್ಟು. ಓದಿದವರು ಫೋನ್ ಮಾಡಿದರೆ ಮೊದಲು ಎತ್ತುವ ಮಾತು ಅದೇ ಮಳೆಯದು. ಹೇಗೆ ಮಾಡಿದೆ ಅಂತ ಬರೆಯುವವರೇ ಕೇಳುತ್ತಿರುವುದರಿಂದ ಇದನ್ನು ಬರೆದಿದ್ದೇನೆ.

ಕಥೆ ಇಷ್ಟು. ಸಿದ್ದಾಪುರದ ಕಡೆಯ ಒಂದು ಕಣಿವೆ, ಎರಡೂವರೆ ಎಕರೆ ಅಡಿಕೆ ತೋಟ, ಅದನ್ನು ಒಬ್ಬಳೇ ನೋಡಿಕೊಳ್ಳುವ ಭಾಗೀರಥಿ, ಬೆಂಗಳೂರಲ್ಲಿರುವ ಮಗ. ತೋಟ ಮಾರುವ ಮಾತು ಒಂದು ಮಳೆಗಾಲದಲ್ಲಿ ಶುರುವಾಗಿ ಅದೇ ವರ್ಷ ಮುಗಿಯುತ್ತದೆ. ಭಾಗೀರಥಿ ಮಾತಿನ ಹೆಂಗಸಲ್ಲ. ಅವಳ ಮನಸ್ಸನ್ನು ಅವಳ ಬಾಯಿಂದ ಹೇಳಿಸುವಂತಿಲ್ಲ, ನಾನು ಹೇಳಿದರೆ ಭಾಷಣವಾಗುತ್ತದೆ. ಉಳಿದದ್ದು ಆಕಾಶ ಮತ್ತು ತೋಟ.

ಮೊದಲ ಕರಡಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ್ದೆ. ಮಗ ಫೋನಿನಲ್ಲಿ ತೋಟದ ಮಾತು ತೆಗೆದ ಕೂಡಲೇ ಗುಡುಗು, ಕರೆಂಟು ಹೋಗುವುದು, ಅಂಗಳದಲ್ಲಿ ಧೋ ಎಂದು ಮಳೆ. ಟೈಪಿಂಗ್, ಪುಟ ವಿನ್ಯಾಸ ಅಂತ ಹನ್ನೆರಡು ಸಾವಿರ ಕೊಟ್ಟು ಮುಗಿಸಿದ ಮೇಲೆ ಅಚ್ಚಿನ ಅಕ್ಷರದಲ್ಲಿ ಓದಿದರೆ ನಾಟಕ ಕಂಪನಿಯ ಪರದೆ ಹಿಂದೆ ತಗಡು ಬಡಿದ ಹಾಗಿತ್ತು. ಎರಡನೆಯದರಲ್ಲಿ ತಿರುಗಿಸಿದೆ: ದುಃಖದ ದಿನ ಎಳೆಬಿಸಿಲು, ಹಕ್ಕಿ ಕೂಗು. ಅದೂ ನಿಲ್ಲಲಿಲ್ಲ. ಅಳುವಾಗ ಮಳೆ ಸುರಿಸುವುದೂ ಬಿಸಿಲು ಬರಿಸುವುದೂ ಒಂದೇ ಜಾತಿಯ ಕೆಲಸ. ಎರಡರಲ್ಲೂ ಆಕಾಶ ಲೇಖಕನ ಸಂಬಳದಾಳು, ಅದು ಓದುಗನಿಗೆ ಎರಡೇ ಪುಟದಲ್ಲಿ ಗೊತ್ತಾಗುತ್ತದೆ.

ಮಳೆ ಸರಿಯಾಗಿ ನೋಡಿಲ್ಲ ಅನ್ನುವುದೇ ತೊಂದರೆ ಇರಬೇಕೆಂದು ಜುಲೈನಲ್ಲಿ ಆಗುಂಬೆಗೆ ಹೋಗಿ ಹೋಮ್‌ಸ್ಟೇಯಲ್ಲಿ ಕೂತೆ. ಊಟ, ವಸತಿ, ಓಡಾಟ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ನಲವತ್ತು ಪುಟ ಬರೆದೆ, ಕಾದಂಬರಿಗೆ ಬಂದದ್ದು ಉಂಬಳದ ಬಗ್ಗೆ ಒಂದು ಪ್ಯಾರಾ. ಉಳಿದದ್ದೆಲ್ಲ ಕಿಟಕಿಯಲ್ಲಿ ಕೂತವನ ಮಳೆ. ಕಿಟಕಿಯಲ್ಲಿ ಕೂತವನಿಗೆ ಮಳೆ ಚಂದ ಕಾಣುತ್ತದೆ ಅಥವಾ ಬೇಜಾರು ತರುತ್ತದೆ, ಮೂರನೆಯದು ಆಗುವುದಿಲ್ಲ. ತೋಟ ಇದ್ದವಳಿಗೆ ಅದೇ ಮಳೆ ಎಷ್ಟು ಗೊನೆ ಉಳಿಯುತ್ತದೆ, ಅಡಿಕೆ ಮರ ಹತ್ತುವ ಕೊನೆಗಾರ ಇವತ್ತು ಬರುತ್ತಾನೋ ಇಲ್ಲವೋ, ಕೂಡಿಟ್ಟ ಒಣ ಎಲೆ ದರಕು ಒದ್ದೆಯಾಯಿತೋ ಎಂಬ ಲೆಕ್ಕ.

ಆಮೇಲೆ ಹೊಳೆದದ್ದು ಕೆಲಸಕ್ಕೆ ಬಂತು: ಮಳೆಯನ್ನು ಮೊದಲು ಬರೆದು ಮುಗಿಸುವುದು, ಕಥೆಯನ್ನು ಆಮೇಲೆ ಅದರ ಮೇಲೆ ಕೂರಿಸುವುದು. ಅಡಿಕೆ ಬೆಳೆಗಾರರಲ್ಲಿ ಮಳೆಮಾಪಕ ಇಟ್ಟು ದಿನವೂ ಡೈರಿ ಬರೆಯುವವರು ಊರಿಗೊಬ್ಬರಾದರೂ ಇರುತ್ತಾರೆ. ಅಂಥವರೊಬ್ಬರ 2019ರ ಡೈರಿ ಸಿಕ್ಕಿತು. ಆ ವರ್ಷವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಜೂನಿನಲ್ಲಿ ಮುಂಗಾರು ತಡವಾಯಿತು, ಮೃಗಶಿರಾದ ಬಹುಪಾಲು ಮೋಡ ನೋಡುವುದರಲ್ಲೇ ಕಳೆಯಿತು. ಆಗಸ್ಟ್ ಮೊದಲ ವಾರದಲ್ಲಿ, ಆಶ್ಲೇಷಾ ಹಿಡಿದ ಕೂಡಲೇ, ರಾಜ್ಯದ ಅರ್ಧಕ್ಕೂ ಹೆಚ್ಚು ಜಿಲ್ಲೆಗಳಲ್ಲಿ ನೆರೆ ಬಂತು. ಅಕ್ಟೋಬರ್ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದು, ಅಡಿಕೆ ಒಣಗಿಸಲು ಅಂಗಳ ಸಿದ್ಧ ಮಾಡುವ ಹೊತ್ತಿಗೆ ಸ್ವಾತಿಯೂ ನೆನೆಯಿತು. ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಡೈರಿಯನ್ನು ನಕ್ಷತ್ರವಾರು ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ರೋಹಿಣಿಯಿಂದ ಸ್ವಾತಿಯವರೆಗೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಆ ಮೇಲೆ ಒಂದೇ ಕಟ್ಟಳೆ: ಕಥೆಗೆ ಬೇಕೆಂದು ಒಂದು ಹನಿಯನ್ನೂ ಆಚೀಚೆ ಮಾಡುವಂತಿಲ್ಲ.

ಈ ಕಟ್ಟಳೆಯಿಂದ ಮೊದಲ ಎರಡು ತಿಂಗಳು ಕೈ ಕಟ್ಟಿ ಹಾಕಿದಂತಾಯಿತು. ಮಗನ ಫೋನು ಬರಬೇಕಾದ್ದು ಜುಲೈ ಕೊನೆಯ ಹೊತ್ತಿಗೆ, ಪುಷ್ಯದಲ್ಲಿ. ಆ ದಿನಕ್ಕೆ ಡೈರಿಯಲ್ಲಿ ಇದ್ದದ್ದು ಇಷ್ಟೇ: "ಬೆಳಿಗ್ಗೆಯಿಂದ ಹೊಳ. ಮೂರರ ಮೇಲೆ ಮೋಡ." ದುಃಖಕ್ಕೆ ಮಳೆಯೂ ಇಲ್ಲ, ಅಣಕಿಸಲು ಬಿಸಿಲೂ ಇಲ್ಲ. ಆದರೆ ಹಾಗೆ ಮಳೆ ನಿಂತು ಹೊಳ ಬಿಟ್ಟ ದಿನ ಬೆಳೆಗಾರರ ಮನೆಯಲ್ಲಿ ಏನಾಗುತ್ತದೆ ಎಂದು ನೋಡಿದರೆ ಅಧ್ಯಾಯ ತಾನೇ ಬಿಚ್ಚಿಕೊಂಡಿತು. ಅಡಿಕೆಯ ಕೊಳೆರೋಗಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು ಅದಾಗಿ ನಲವತ್ತು ನಲವತ್ತೈದು ದಿನಕ್ಕೆ. ಹೊಡೆದ ಮದ್ದು ಗೊನೆಗೆ ಹಿಡಿದು ಒಣಗಲು ಕೆಲವು ತಾಸು ಮಳೆ ಇರಬಾರದು. ಅಂದರೆ ಆ ಹೊಳದ ದಿನ ಭಾಗೀರಥಿ ಕೊನೆಗಾರನನ್ನು ಹೇಗೋ ಹಿಡಿದು ತಂದಿರಬೇಕು, ಅಂಗಳದಲ್ಲಿ ಬ್ಯಾರೆಲ್ ಇರಬೇಕು.

ಆ ಮದ್ದೇ ಬೋರ್ಡೋ, ಅದನ್ನು ಕಲೆಸುವುದು ನೀವು ನೋಡಿರುತ್ತೀರಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಸರಿಯಾಯಿತೋ ಎಂದು ನೋಡಲು ಕಬ್ಬಿಣದ ಕತ್ತಿ ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಸರಿಯಾದ ಮದ್ದು ತಿಳಿನೀಲಿ. ಇಡೀ ಅಧ್ಯಾಯದಲ್ಲಿ ನೀಲಿ ಎಂಬ ಮಾತನ್ನು ನಾನು ಬಳಸಿದ್ದು ಆ ಬ್ಯಾರೆಲ್ಲಿಗೆ ಮಾತ್ರ, ಆಕಾಶಕ್ಕೆ ಬೂದು ಅಂತಲೂ ಹೇಳಿಲ್ಲ.

ಮಗ ಫೋನಿನಲ್ಲಿ "ಆಯಿ, ತೋಟ ಕೊಟ್ಬಿಡನ" ಅಂದಾಗ ಅವಳು "ಹೂಂ, ಮದ್ದು ಹೊಡೆಸ್ತಾ ಇದ್ದಿ, ಆಮೇಲೆ ಮಾಡು" ಎಂದು ಇಡುತ್ತಾಳೆ. ಕತ್ತಿ ಅದ್ದುತ್ತಾಳೆ, ಅಲಗು ಸ್ವಚ್ಛವಾಗಿದೆ. ಒರೆಸಿ ಮತ್ತೆ ಅದ್ದುತ್ತಾಳೆ. ಮತ್ತೆ. ಕೊನೆಗಾರ ಮರದ ಮೇಲಿಂದ "ಅಮಾ, ಸಾಕು, ಬಂದದೆ" ಎಂದು ಕೂಗಿದರೂ ಸುಣ್ಣ ಸಾಲದೆಂದು ಇನ್ನೊಂದು ಬೊಗಸೆ ಹಾಕುತ್ತಾಳೆ. ಮೇಲಿನ ತೋಟ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿದೆ, ಕೆಳಗಿನ ತೋಟಕ್ಕೆ ಇನ್ನೊಂದು ಬ್ಯಾರೆಲ್ ಕಲೆಸಬೇಕು. ಮೂರರವರೆಗೂ ಸಮಯವಿದೆ. ಅವಳು ಮೋಡದ ಕಡೆ ನೋಡಿ "ಬಂತು, ಇನ್ನು ಬೇಡ, ನಾಳೆ ನೋಡನ" ಅನ್ನುತ್ತಾಳೆ. ಕೊನೆಗಾರನಿಗೆ ಇಡೀ ದಿನದ ಕೂಲಿ ಕೊಟ್ಟು ಕಳಿಸುತ್ತಾಳೆ. ದುಡ್ಡಿನಲ್ಲಿ ಅಷ್ಟು ಬಿಗಿಯಾದ ಹೆಂಗಸು ಅರ್ಧ ದಿನದ ಕೆಲಸಕ್ಕೆ ಪೂರ್ತಿ ಕೂಲಿ ಕೊಟ್ಟಳೆಂದರೆ ಒಳಗೆ ಏನಾಗಿದೆ ಎಂದು ಬೇರೆ ಹೇಳಬೇಕಿಲ್ಲ. ಆ ಮೋಡ ದಟ್ಟವಾಗಿರಲಿಲ್ಲ ಎಂಬುದನ್ನು ಓದುಗ ಕೊನೆಗಾರನ ಮುಖದಿಂದ ತಿಳಿಯುತ್ತಾನೆ. ಅವಳ ಮನಸ್ಸು ಮೋಡವನ್ನು ದೊಡ್ಡದು ಮಾಡಿದೆ, ಆಕಾಶ ತನ್ನ ಪಾಡಿಗೆ ಇದೆ.

ನಾಳೆ ಮತ್ತೆ ಜಡಿ. ನಾಲ್ಕೈದು ದಿನಕ್ಕೆ ಆಶ್ಲೇಷಾ. ಹೆಚ್ಚಿನವರು ಇಲ್ಲಿ ಪ್ರವಾಹ ತಂದು ಹೆಂಗಸನ್ನು ಅಳಿಸಿಬಿಡುತ್ತಿದ್ದರು. ನಾನು ಆ ವಾರವನ್ನು ಒಂದೂವರೆ ಪುಟದಲ್ಲಿ ಮುಗಿಸಿದೆ: ಹಳ್ಳ ದಾಟುವ ಸಂಕ ಕೊಚ್ಚಿಹೋಯಿತು, ಕರೆಂಟಿಲ್ಲ, ಬೆಂಕಿ ಹಾಕಿದ ಹೊಡಸಲಿನ ಮೇಲೆ ಬಟ್ಟೆ ಒಣಗುತ್ತಿಲ್ಲ. ನಿಜವಾದ ಪೆಟ್ಟು ಮಘೆಯಲ್ಲಿ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನುವ ಗಾದೆಯ ದಿನಗಳಲ್ಲಿ ಅವಳು ತೋಟಕ್ಕೆ ಇಳಿಯುತ್ತಾಳೆ. ಮೇಲಿನ ತೋಟದಲ್ಲಿ ಗೊನೆ ನಿಂತಿದೆ. ಕೆಳಗಿನದರಲ್ಲಿ ತೊಟ್ಟಿನ ಹತ್ತಿರ ನೀರು ಹಿಡಿದ ಹಾಗೆ ಕಪ್ಪು ಹಸಿರಾದ ಕಾಯಿ, ಕಾಲಿಟ್ಟಲ್ಲೆಲ್ಲ ಉದುರಿದ ಅಡಿಕೆ, ಅದರ ಮೇಲೆ ಬಿಳಿ ಬೂಸ್ಟು. ಫೋನು ಬಂದ ದಿನದ ಮನಸ್ಸು ಮೂರು ವಾರದ ನಂತರ ನೆಲದ ಮೇಲೆ ಬಿದ್ದಿದೆ, ಗೆರೆ ಎಳೆದ ಹಾಗೆ ಅರ್ಧಕ್ಕೆ. ನಾನು ಅಲ್ಲಿ ಅವಳ ಮನಸ್ಸಿನ ಬಗ್ಗೆ ಒಂದು ಪದ ಬರೆಯಲಿಲ್ಲ. ಆ ಪುಟ ಓದಿ ಸಾಗರದ ಕಡೆಯ ಹಿರಿಯ ಬೆಳೆಗಾರರೊಬ್ಬರು "ಬೇಕಂತಲೇ ಬಿಟ್ಟಳಲ್ಲ ಮಾರಾಯ್ರೆ" ಎಂದು ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದರು. ವಿಮರ್ಶಕರಿಗೆ ಸಿಗದಿದ್ದುದು ಅವರಿಗೆ ಸಿಕ್ಕಿತು.

ನಾನು ಕಂಡುಕೊಂಡದ್ದು ಇದೇ. ಮನಸ್ಸಿಗೂ ಹವೆಗೂ ನಡುವೆ ಕೈಕೆಲಸವೊಂದು ಇರಬೇಕು, ಮತ್ತು ಪರಿಣಾಮ ತಡವಾಗಿ ಕಾಣಬೇಕು. ಅದೇ ಗಳಿಗೆಯಲ್ಲಿ ಆಕಾಶ ಉತ್ತರ ಕೊಟ್ಟರೆ ಲೇಖಕ ಸಿಕ್ಕಿಬೀಳುತ್ತಾನೆ. ಸಿಕ್ಕಿಬಿದ್ದಿದ್ದೀರೋ ಇಲ್ಲವೋ ನೋಡಲು ನಾನು ಮಳೆ ಇರುವ ಪ್ರತಿ ಪುಟವನ್ನು ಜೆರಾಕ್ಸ್ ಮಾಡಿಸಿ, ಪಾತ್ರದ ಹೆಸರನ್ನು ಅಳಿಸಿ, ಬೇರೆ ಪಾತ್ರದ ಹೆಸರು ಹಾಕಿ ಓದುತ್ತಿದ್ದೆ. ಕೊನೆಗಾರನ ಹೆಸರು ಹಾಕಿದರೂ ವಾಕ್ಯ ಸರಿಹೋದರೆ ಆ ಮಳೆ ಯಾರದೂ ಅಲ್ಲ, ಹರಿದುಹಾಕು. ಜೂನಿನ ಅಧ್ಯಾಯದಲ್ಲಿ ಹೀಗೆ ಮೂರರಲ್ಲಿ ಎರಡು ಪಾಲು ಹೋಯಿತು.

ನಡುವೆ ಬೇರೆ ಪ್ರಯೋಗಗಳೂ ಆದವು. ತಮಿಳಿನ ಸಂಗಂ ಕಾವ್ಯದಲ್ಲಿ ಒಂದೊಂದು ನೆಲಕ್ಕೆ ಒಂದೊಂದು ಭಾವ ಗೊತ್ತುಮಾಡಿದ್ದಾರಲ್ಲ, ಮುಲ್ಲೈ ಅಂದರೆ ಕಾಡು, ಕಾರ್ಗಾಲ, ಸಂಜೆ, ಕಾಯುವ ಹೆಣ್ಣು. ಪಾಲೈ ಅಂದರೆ ಬರಡು, ಬೇಸಿಗೆ, ನಡುಮಧ್ಯಾಹ್ನ, ಅಗಲಿಕೆ. ಅದೇ ರೀತಿ ತೋಟಕ್ಕೊಂದು, ಸೊಪ್ಪಿನ ಬೆಟ್ಟಕ್ಕೊಂದು, ಗದ್ದೆಗೊಂದು ಭಾವ ಹಂಚಿ ನೋಡಿದೆ. ಎಂಟು ಹತ್ತು ಸಾಲಿನ ಪದ್ಯದಲ್ಲಿ ಅದು ಅದ್ಭುತ, ಮುನ್ನೂರು ಪುಟದಲ್ಲಿ ನಡೆಯುವುದಿಲ್ಲ. ಭಾಗೀರಥಿ ಸಿಟ್ಟಿದ್ದರೂ ಬೆಟ್ಟಕ್ಕೆ ಹೋಗಲೇಬೇಕು, ಸೊಪ್ಪು ಬೇಕಲ್ಲ. ಆದರೆ ಒಂದು ಲಾಭವಾಯಿತು: ಒಂದೇ ಕಾಲುದಾರಿಯಲ್ಲಿ ಅವಳನ್ನು ಬೇರೆ ಬೇರೆ ನಕ್ಷತ್ರದಲ್ಲಿ ನಡೆಸಿ, ಪ್ರತಿ ಸಲ ಅವಳ ಕಣ್ಣಿಗೆ ಏನು ಬೀಳುವುದಿಲ್ಲ ಎಂದು ಬರೆದಿಟ್ಟುಕೊಂಡೆ.

ಇನ್ನೊಂದು, ಭಾಗೀರಥಿಯ ತಂಗಿಯನ್ನು ಗದಗದ ಕಡೆ ಎರೆಭೂಮಿಗೆ ಮದುವೆ ಮಾಡಿಕೊಟ್ಟದ್ದು. ಬೇಸಿಗೆಯಲ್ಲಿ ಅಲ್ಲಿ ಹೊಲ ಕೈ ಹೋಗುವಷ್ಟು ಬಿರಿಯುತ್ತದೆ. ಬಿರುಕನ್ನು ಅವಳ ಮನಸ್ಸಿಗೆ ಹೋಲಿಸುವ ಆಸೆ ಯಾರಿಗೆ ಬರುವುದಿಲ್ಲ! ಬದಲಿಗೆ ಅಕ್ಕನ ಮನೆಯ ಬೀಗದ ಕೈಯನ್ನು ಆ ಬಿರುಕಿಗೆ ಬೀಳಿಸಿದೆ. ಅದು ಹೇಗೆ ಬಿತ್ತು, ಹಿಂಗಾರಿ ಜೋಳದ ಬಿತ್ತನೆಯ ಹೊತ್ತಿಗೆ ಹೇಗೆ ಮೇಲೆ ಬಂತು ಎಂಬುದನ್ನು ಪುಸ್ತಕದಲ್ಲೇ ಓದಿ. ಸ್ವಾತಿಯ ಅಧ್ಯಾಯದಲ್ಲಿ ಮಳೆ ಎಂಬ ಪದವನ್ನೇ ಬಳಸದೆ ಇಡೀ ದಿನ ಮಳೆ ಸುರಿಸಿದ ಉಪಾಯವನ್ನೂ ಹೇಳುವುದಿಲ್ಲ, ಮುಂದಿನ ಪುಸ್ತಕಕ್ಕೆ ಬೇಕು.

ಈ ವಿಧಾನ ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಾಗಿದೆ. ಹವೆಯ ಮೇಲೆ ಹೊಟ್ಟೆಪಾಡು ನಿಂತಿರದ ಪಾತ್ರಕ್ಕೆ ಇದು ಹಿಡಿಯುವುದಿಲ್ಲ. ಕಾದಂಬರಿಯ ಮಗನ ಬೆಂಗಳೂರು ಅಧ್ಯಾಯಗಳು ಅದಕ್ಕೇ ತೆಳು, ಒಪ್ಪುವ ಮಾತೇ. ಏಸಿ ಆಫೀಸಿನಲ್ಲಿ ಕೂತವನಿಗೆ ಆಶ್ಲೇಷಾ ಅಂದರೆ ಟ್ರಾಫಿಕ್ಕು ಅಷ್ಟೆ. ಈಗ ಬರೆಯುತ್ತಿರುವುದು ಪೂರ್ತಿ ಬೆಂಗಳೂರಿನದು, 2024ರ ಬೇಸಿಗೆಯ ನೀರಿನ ಬರದ ಕಾಲದ್ದು, ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯೊಬ್ಬನ ಕಥೆ. ಮಳೆ ಡೈರಿಯ ಜಾಗದಲ್ಲಿ ಟ್ಯಾಂಕರ್ ಬಿಲ್ಲುಗಳ ಒಂದು ಫೈಲು ಸಂಪಾದಿಸಿದ್ದೇನೆ, ಮಾರ್ಚಿನ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು ಮುಗಿದಿದೆ, ಏಪ್ರಿಲ್ಲಿನವು ಬಾಕಿ.