ಮೇರಾನೋ ಮೇರೀನೋ: ಮಗನಿಗೆ ಮನೆಯಲ್ಲೇ ಹಿಂದಿ ಕಲಿಸಿದ್ದು

ಹಿಂದಿಯ ಲಿಂಗವನ್ನು ಮನೆಯಲ್ಲಿ ಕಲಿಸೋಕೆ ಆಗಲ್ಲ ಅಂತ ನನಗೆ ಹೇಳದವರಿಲ್ಲ. "ಅದಕ್ಕೆ ದಾರಿ ಅಂತ ಏನೂ ಇಲ್ಲ ಮೇಡಂ, ಬಾಯಿಪಾಠವೇ ಗತಿ" ಅಂದರು ಟ್ಯೂಷನ್ ಸರ್. "ನೀನೇ ಹತ್ತನೇ ಕ್ಲಾಸಲ್ಲಿ ಹಿಂದೀಲಿ ಅಂಚಿನಲ್ಲಿ ಪಾಸಾದವಳು" ಅಂತ ಅಣ್ಣ ನಕ್ಕ. ನಮ್ಮ ಮನೆಯವರು ಏನೂ ಹೇಳಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಈಗ ಮಗ ಏಳನೇ ಕ್ಲಾಸು. 25ರ ಕಿರುಪರೀಕ್ಷೆಯಲ್ಲಿ ಎಂಟು ಒಂಬತ್ತು ತರುತ್ತಿದ್ದವನು ಇಪ್ಪತ್ತರ ಮೇಲೆ ತರುತ್ತಿದ್ದಾನೆ. ಅಣ್ಣನ ಮಗಳೂ ಈಗ ಭಾನುವಾರ ನಮ್ಮ ಮನೆಗೇ ಬರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಷರದ ವಿಷಯ ಇಲ್ಲಿ ಹೇಳಲ್ಲ. ನಮ್ಮ ರಾಜ್ಯದ ಪಠ್ಯದಲ್ಲಿ ಮೂರನೇ ಭಾಷೆ ಆರನೇ ತರಗತಿಗೆ ಶುರುವಾಗುತ್ತದೆ. ಕನ್ನಡ ಓದು ಬರಹ ಗಟ್ಟಿ ಇರುವ ಮಗುವಿಗೆ ಹಿಂದಿ ಅಕ್ಷರ ಎರಡು ಮೂರು ತಿಂಗಳ ಕೆಲಸ, ಅಷ್ಟೇ. ಘ ಮತ್ತು ಧ, ಮ ಮತ್ತು ಭ ಅದಲುಬದಲಾಗುತ್ತವೆ. ಧ, ಭ ಎರಡಕ್ಕೂ ತಲೆಗೆರೆ ಎಡಗಡೆ ತುಂಡಾಗಿರುತ್ತದೆ ಅಂತ ಒಮ್ಮೆ ಬೆರಳಿಟ್ಟು ತೋರಿಸಿದರೆ ಸಾಕು. ಮಕ್ಕಳು ನಿಜವಾಗಿ ಒದ್ದಾಡುವುದು ಅಲ್ಲಿ ಅಲ್ಲ.

ಮೊದಲು ದುಡ್ಡಿನ ಲೆಕ್ಕ ಮುಗಿಸುತ್ತೇನೆ. ಟ್ಯೂಷನ್‌ಗೆ ತಿಂಗಳಿಗೆ ಆರುನೂರೋ ಏನೋ, ಐದಾರು ತಿಂಗಳು ಕಟ್ಟಿದೆವು. ನಮ್ಮ ದಾವಣಗೆರೆಯ ಅಶೋಕ ರಸ್ತೆಯಿಂದ ಚಿತ್ರದ ಕಾರ್ಡುಗಳ ಒಂದು ಡಬ್ಬ ತಂದೆ, ನಾನೂರರ ಹತ್ತಿರ ಆಯಿತು. ಕಾರ್ಡಿನ ಒಂದು ಕಡೆ ಕುರ್ಚಿಯ ಚಿತ್ರ, ಇನ್ನೊಂದು ಕಡೆ 'ಕುರ್ಸೀ'. ಮಗ ನೂರಕ್ಕೂ ಜಾಸ್ತಿ ಕಾರ್ಡು ಬಾಯಿಪಾಠ ಮಾಡಿದ. ವಾಕ್ಯ ಬರೆ ಅಂದರೆ ಎಲ್ಲಾ ತಪ್ಪು. ಯಾಕೆ ಅಂದರೆ ಕುರ್ಸೀ ಸ್ತ್ರೀಲಿಂಗ ಅನ್ನುವುದು ಆ ಕಾರ್ಡಿನಲ್ಲಿ ಎಲ್ಲೂ ಇರಲಿಲ್ಲ. ಕನ್ನಡದಲ್ಲಿ ಕುರ್ಚಿ, ಮನೆ, ಹಾಲು ಎಲ್ಲವೂ 'ಅದು'. ಹಿಂದಿಯಲ್ಲಿ ನಪುಂಸಕ ಲಿಂಗವೇ ಇಲ್ಲ. ಪ್ರತಿ ವಸ್ತುವೂ ಗಂಡೋ ಹೆಣ್ಣೋ ಆಗಲೇಬೇಕು. ಪದ ಬಂತು, ಲಿಂಗ ಬರಲಿಲ್ಲ ಅಂದರೆ ಆ ಪದ ಬಂದೇ ಇಲ್ಲ ಅಂತ ಲೆಕ್ಕ.

ಅವನ ಪರೀಕ್ಷೆಯ ಪತ್ರಿಕೆಗಳನ್ನು ಒಂದು ದಿನ ಮುಂದೆ ಹರಡಿಕೊಂಡು ಕೂತೆ. ತಪ್ಪುಗಳು ಹಲವು, ಜಾತಿ ಮಾತ್ರ ಒಂದೇ. 'ರಾಮ್ ಕಾ ಕಿತಾಬ್' ಅಂತ ಬರೆದಿದ್ದ, 'ಸೀತಾ ಕೀ ಘರ್' ಅಂತ ಬರೆದಿದ್ದ. ಸರಿಯಾದದ್ದು 'ರಾಮ್ ಕೀ ಕಿತಾಬ್', 'ಸೀತಾ ಕಾ ಘರ್'. ಅಂದರೆ ಅವನು ಯಾರದು ಅಂತ ನೋಡುತ್ತಿದ್ದ. ಹಿಂದಿ ನೋಡುವುದು ಏನು ಅನ್ನುವುದನ್ನು. ಕಿತಾಬ್ ಹೆಣ್ಣು, ಅದು ರಾಮನದ್ದಾದರೂ 'ಕೀ'. ಘರ್ ಗಂಡು, ಅದು ಸೀತೆಯದ್ದಾದರೂ 'ಕಾ'.

ಈ ತಪ್ಪು ಎಲ್ಲಿಂದ ಬಂತು ಅಂತ ಯೋಚಿಸಿದರೆ ಅದು ಕನ್ನಡದಿಂದ ಬಂದದ್ದಲ್ಲ. ನಮ್ಮಲ್ಲಿ ರಾಮನ ಪುಸ್ತಕ, ಸೀತೆಯ ಪುಸ್ತಕ, ಅಲ್ಲಿ ಲಿಂಗದ ತಕರಾರೇ ಇಲ್ಲ. ಬಂದದ್ದು ಇಂಗ್ಲಿಷಿನಿಂದ. ಹುಡುಗನದ್ದಾದರೆ ಹಿಸ್, ಹುಡುಗಿಯದ್ದಾದರೆ ಹರ್ ಅಂತ ಒಂದನೇ ಕ್ಲಾಸಿನಿಂದ ತಿದ್ದಿ ತಿದ್ದಿ ಕಲಿಸಿದ್ದಾರೆ. ಅಲ್ಲಿ ಒಡೆಯ ಮುಖ್ಯ. ಅದೇ ಅಭ್ಯಾಸವನ್ನು ಇವನು ಹಿಂದಿಗೆ ತಂದಿದ್ದಾನೆ. ಇದು ಗೊತ್ತಾದ ದಿನ ಟ್ಯೂಷನ್ ಬಿಡಿಸಿದೆ.

ಆಮೇಲೆ ಮನೆಯಲ್ಲಿ ಒಂದು ಕಾನೂನು. ಯಾವ ಹಿಂದಿ ಪದವನ್ನೂ ಒಂಟಿಯಾಗಿ ಹೇಳುವಂತಿಲ್ಲ, ಬರೆಯುವಂತಿಲ್ಲ. ಮುಂದೆ 'ಮೇರಾ' ಅಥವಾ 'ಮೇರೀ' ಇರಲೇಬೇಕು. ಎರಡಕ್ಕೂ ಅರ್ಥ 'ನನ್ನ', ಗಂಡಿಗೆ ಮೇರಾ, ಹೆಣ್ಣಿಗೆ ಮೇರೀ. ಕಿತಾಬ್ ಅಂತ ಪದ ಇಲ್ಲ, 'ಮೇರೀ ಕಿತಾಬ್' ಅಂತ ಇದೆ. ಇನ್ನೂರು ಪುಟದ ಒಂದು ನೋಟ್‌ಬುಕ್, ಎರಡು ಬಣ್ಣದ ಸ್ಕೆಚ್ ಪೆನ್. ಎಡಪುಟ ಮೇರಾ, ನೀಲಿ. ಬಲಪುಟ ಮೇರೀ, ಕೆಂಪು. ನನ್ನ ಒಟ್ಟು ಖರ್ಚು ನೂರು ರೂಪಾಯಿ ದಾಟಿರಲಿಕ್ಕಿಲ್ಲ.

ಶುರು ಮಾಡಿದ್ದು ಅಡುಗೆಮನೆಯಿಂದ. ಅಲ್ಲಿ ಎರಡೂ ಲಿಂಗ ಸರಿಸುಮಾರು ಅರ್ಧರ್ಧ ಸಿಗುತ್ತವೆ. ದೂಧ್, ಪಾನೀ, ಚಾವಲ್, ನಮಕ್, ತೇಲ್, ಮಕ್ಖನ್ ಎಲ್ಲಾ ಗಂಡು. ರೋಟೀ, ದಾಲ್, ಚಾಯ್, ಚೀನೀ, ಮಿರ್ಚೀ ಹೆಣ್ಣು. 'ಈ' ಅಂತ ಮುಗಿದರೆ ಹೆಣ್ಣು ಅನ್ನುವ ನಿಯಮ ಶಾಲೆಯಲ್ಲೇ ಹೇಳಿರುತ್ತಾರೆ, ಅದನ್ನು ಮುರಿಯುವ ಪಾನೀ, ಘೀ, ದಹೀ ಮೂರೂ ಅಡುಗೆಮನೆಯಲ್ಲೇ ಕೂತಿವೆ. ಮಂಡಕ್ಕಿ ಕಲಸುವಾಗ ಮಗನಿಂದ ಒಂದೊಂದೇ ಸಾಮಾನು ಕೇಳಿಸಿಕೊಳ್ಳುತ್ತಿದ್ದೆ. ಮೇರಾ, ಮೇರೀ ಸರಿ ಇದ್ದರೆ ಮಾತ್ರ ಮೆಣಸಿನಕಾಯಿ ಬಜ್ಜಿ ತಟ್ಟೆಗೆ.

ಒಂದು ತಿಂಗಳಾದ ಮೇಲೆ ಗುಣವಾಚಕ ಸೇರಿಸಿದೆ. ಇಲ್ಲಿ ಒಂದು ಎಚ್ಚರ. ಲಾಲ್, ಸಾಫ್, ಸುಂದರ್ ಇವು ಲಿಂಗಕ್ಕೆ ಬದಲಾಗುವುದೇ ಇಲ್ಲ. ಗೈಡುಗಳಲ್ಲಿ ಇವೇ ತುಂಬಿರುತ್ತವೆ. ಮಗು ಸರಿ ಹೇಳಿತು ಅಂತ ನಮಗೆ ಖುಷಿ, ಆದರೆ ಅಲ್ಲಿ ತಪ್ಪಾಗುವ ಅವಕಾಶವೇ ಇಲ್ಲ. ಬಡಾ, ಅಚ್ಛಾ, ಠಂಡಾ, ಪುರಾನಾ ಹೀಗೆ 'ಆ' ಅಂತ ಮುಗಿಯುವುದನ್ನೇ ಕೊಡಬೇಕು. ಠಂಡಾ ಪಾನೀ, ಠಂಡೀ ಚಾಯ್. ಅಲ್ಲಿ ಬಣ್ಣ ಗೊತ್ತಾಗುತ್ತದೆ.

ಈಗ ನನ್ನ ಹೆಮ್ಮೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಯಾವ ಗೈಡಿನಲ್ಲೂ ನಾನು ನೋಡಿಲ್ಲ. ಕನ್ನಡದಲ್ಲಿ 'ಎ' ಅಂತ ಮುಗಿಯುವ ಪಾಠದ ಪದ, ಹಿಂದಿಯಲ್ಲಿ ಅದೇ ಪದ 'ಆ' ಅಂತ ಮುಗಿದರೆ, ಅದು ಹೆಣ್ಣು. ಭಾಷೆ, ಭಾಷಾ. ಪರೀಕ್ಷೆ, ಪರೀಕ್ಷಾ. ಯಾತ್ರೆ, ಪೂಜೆ, ಪ್ರಾರ್ಥನೆ, ಕವಿತೆ, ಘಟನೆ, ಸಂಖ್ಯೆ ಎಲ್ಲವೂ ಹಾಗೇ. ಇವೆಲ್ಲ ಸಂಸ್ಕೃತದ ಸ್ತ್ರೀಲಿಂಗ ಪದಗಳು. ಕನ್ನಡ ಕೊನೆಯ 'ಆ'ವನ್ನು 'ಎ' ಮಾಡಿಕೊಂಡಿತು, ಹಿಂದಿ ಇದ್ದ ಹಾಗೇ ಇಟ್ಟುಕೊಂಡಿತು. 'ಆ' ಅಂದರೆ ಗಂಡು ಅಂತ ಕಲಿತ ಮಗು ಇಲ್ಲೇ 'ಮೇರಾ ಪರೀಕ್ಷಾ' ಅಂತ ಬರೆಯುವುದು. ಕನ್ನಡದ ಪದ ನೆನಪಿಸಿಕೊಂಡರೆ ಆ ತಪ್ಪು ನಿಲ್ಲುತ್ತದೆ. ಒಂದೇ ವಾರದಲ್ಲಿ ಕೆಂಪು ಪುಟಕ್ಕೆ ನಲವತ್ತು ಐವತ್ತು ಪದ ಸೇರಿದವು. ದೇವತಾದಂಥ ಕೆಲವು ಮಾತ್ರ ಗಂಡು, ಅವನ್ನು ಬೇರೆ ನೆನಪಿಡಬೇಕು.

ಖುಷಿ ಜಾಸ್ತಿ ದಿನ ಉಳಿಯಲಿಲ್ಲ. "ಅಮ್ಮ, ರಸ್ತೆಗೆ ರಾಸ್ತಾ. 'ಎ' ಇದೆ. ಆದರೆ ಪಾಠದಲ್ಲಿ ಲಂಬಾ ರಾಸ್ತಾ ಅಂತ ಇದೆ" ಅಂದ. ಹುಡುಕಿದರೆ ನಕ್ಷೆ, ಪರದೆ, ಕಾರ್ಖಾನೆ, ಖಜಾನೆ, ಜಿಲ್ಲೆ, ದರ್ಜೆ ಎಲ್ಲವೂ ಹಿಂದಿಯಲ್ಲಿ ಗಂಡೇ. ರಾತ್ರಿ ಊಟ ಮಾಡುವಾಗ ಹೊಳೆಯಿತು. ಇವು ಸಂಸ್ಕೃತದಿಂದ ಬಂದವಲ್ಲ. ಪಾರ್ಸಿ, ಅರಬ್ಬಿ ಕಡೆಯವು, ಕಚೇರಿ ಬೀದಿಗಳ ಮೂಲಕ ಬಂದವು. ಹಾಗಾಗಿ ನಿಯಮ ಎರಡಾಯಿತು. ಪಾಠದ, ಪೂಜೆಯ 'ಎ' ಪದ ಹೆಣ್ಣು. ಕಚೇರಿಯ, ಬೀದಿಯ 'ಎ' ಪದ ಗಂಡು. ಹವಾ, ಸಜಾದಂಥ ಕೆಲವು ಮಾತ್ರ ಆ ಕಡೆಯಿಂದ ಬಂದೂ ಹೆಣ್ಣು.

ಯಾವ ಪದ ಯಾವ ಕಡೆಯದ್ದು ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನಮಗೆ ಪಕ್ಕದ ಮನೆಯ ಖಾಲಾ ಇದ್ದಾರೆ. ಅವರ ಮನೆಮಾತು ನಮ್ಮೂರಿನ ಉರ್ದು. ಖಾಲಾ ದಿನಾ ಆಡುವ ಪದ ಆದರೆ ಬೀದಿಯ ಸಾಲಿಗೆ, ಅವರು ಆಡದ ಪದ ಆದರೆ ಪಾಠದ ಸಾಲಿಗೆ. ಹತ್ತಕ್ಕೆ ಒಂಬತ್ತು ಸಲ ಸರಿ ಬರುತ್ತದೆ.

ಖಾಲಾ ವಿಷಯ ಬಂದಿದ್ದರಿಂದ ಇದನ್ನೂ ಹೇಳಬೇಕು. ದಾವಣಗೆರೆಯಲ್ಲಿ ಇಂಥ ನೆರೆಮನೆ ಅನೇಕರಿಗೆ ಇದೆ, ಅಲ್ಲೇ ಕಳಿಸಿದರೆ ಸಾಕು ಅಂತ ಅಂದುಕೊಳ್ಳುತ್ತಾರೆ. ನಾನೂ ಒಂದು ಬೇಸಿಗೆ ರಜೆ ಪೂರ್ತಿ ಸಂಜೆ ಅಲ್ಲಿಗೆ ಕಳಿಸಿದೆ. ಕಿವಿ ಚೆನ್ನಾಗಿ ಪಳಗಿತು, ಹಿಂಜರಿಕೆ ಹೋಯಿತು. ಆದರೆ ಅವರದ್ದು ದಖ್ಖನಿ. 'ಲೋಗಾಂ', 'ಕಿತಾಬಾಂ' ಅನ್ನುತ್ತಾರೆ, ಪರೀಕ್ಷೆಗೆ 'ಲೋಗ್', 'ಕಿತಾಬೇಂ' ಬೇಕು. 'ಮೈಂ ರೋಟೀ ಖಾಯಾ' ಅನ್ನುತ್ತಾರೆ, ಪಠ್ಯದಲ್ಲಿ 'ಮೈಂನೇ ರೋಟೀ ಖಾಯೀ'. ಕಲಮ್ ಉರ್ದುವಿನಲ್ಲಿ ಗಂಡು, ಶಾಲೆಯ ಹಿಂದಿಯಲ್ಲಿ ಹೆಣ್ಣು. ಇದರ ಬಗ್ಗೆ ಖಾಲಾ ಮತ್ತು ಮಗ ಗಟ್ಟಿಯಾಗಿ ಜಗಳ ಆಡಿದರು. ಕೊನೆಗೆ ನಾನು ಆಡುವಾಗ ಖಾಲಾದ್ದು, ಬರೆಯುವಾಗ ಪಠ್ಯದ್ದು ಅಂತ ತೀರ್ಪು ಕೊಟ್ಟೆ. ಪದ ಯಾವ ಕಡೆಯದ್ದು ಅಂತ ಕೇಳೋಕೆ ಖಾಲಾ, ವ್ಯಾಕರಣಕ್ಕೆ ಪುಸ್ತಕ.

ಹಿಂದಿ ಕಾರ್ಟೂನ್ ಕೂಡ ಪ್ರಯತ್ನಿಸಿದೆ, ದಿನಾ ಅರ್ಧ ಗಂಟೆ. ಅರ್ಥ ಎಲ್ಲಾ ಆಗುತ್ತಿತ್ತು, ಬರಹ ಒಂದಿಷ್ಟೂ ಸುಧಾರಿಸಲಿಲ್ಲ. ಚಿತ್ರ ನೋಡಿಯೇ ಅರ್ಥ ಆಗುವಾಗ 'ಥಾ' ಅಂದರೋ 'ಥೀ' ಅಂದರೋ ಯಾರು ಗಮನಿಸುತ್ತಾರೆ?

ಕಲಿತಿದೆಯೋ ಇಲ್ಲವೋ ಅಂತ ನಾನು ನೋಡುವುದು ಎರಡು ಕಡೆ. ಒಂದು, 'ಮೇರೀ' ಅನ್ನುವ ಮೊದಲು ಮಗು ನಿಂತರೆ ಅದು ಇನ್ನೂ ಲೆಕ್ಕ ಹಾಕುತ್ತಿದೆ ಅಂತ ಅರ್ಥ. ಆ ಪದ ಮತ್ತೆ ಪಟ್ಟಿಗೆ ಬರಬೇಕು. ಎರಡು, ವಾಕ್ಯದ ಕೊನೆ. 'ಮೇರೀ ಪುರಾನೀ ಕಿತಾಬ್ ಮೇಜ್ ಪರ್ ರಖೀ ಥೀ'. ಮುಂದಿನ 'ಮೇರೀ' ಸರಿ ಬರೆದು ಕೊನೆಯಲ್ಲಿ 'ರಖಾ ಥಾ' ಅಂತ ಮುಗಿಸುತ್ತಾರೆ. ಕನ್ನಡದಲ್ಲಿ ಎಲ್ಲದಕ್ಕೂ 'ಇತ್ತು' ತಾನೇ, ಅದೇ ಮನಸ್ಸಿನಲ್ಲಿ ಇರುತ್ತದೆ. ಅದಕ್ಕೆ ಬರೆದಾದ ಮೇಲೆ ಕ್ರಿಯಾಪದದಿಂದ ಹಿಂದಕ್ಕೆ ನಾಮಪದದವರೆಗೆ ಒಂದು ಗೆರೆ ಎಳೆಯಲು ಹೇಳುತ್ತೇನೆ. ಎರಡೂ ತುದಿಯ ಬಣ್ಣ ಒಂದೇ ಇರಬೇಕು. ಪರೀಕ್ಷೆಯಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಎಳೆದು ಅಳಿಸುತ್ತಾನೆ. ಗೆರೆಯ ಜೊತೆ ಇನ್ನೊಂದು ಸಣ್ಣ ಉಪಾಯವೂ ಇದೆ. ಅದು ಸದ್ಯಕ್ಕೆ ಅಣ್ಣನ ಮಗಳಿಗೆ ಮೀಸಲು, ಅವಳ ಪರೀಕ್ಷೆ ಮುಗಿಯಲಿ.

ಎಲ್ಲವೂ ಬಗೆಹರಿದಿಲ್ಲ. ಈಗ ಆಗಿಹೋದ ಕೆಲಸ ಹೇಳುವಾಗ ಮಾಡಿದವರ ಹೆಸರಿಗೆ ಹತ್ತುವ 'ನೇ' ಶುರುವಾಗಿದೆ. ಲಡಕೀ ನೇ ಆಮ್ ಖಾಯಾ, ಲಡಕೇ ನೇ ರೋಟೀ ಖಾಯೀ. ತಿಂದವರು ಯಾರೇ ಇರಲಿ, ಕ್ರಿಯಾಪದ ತಿಂಡಿಯ ಹಿಂದೆ ಹೋಗುತ್ತದೆ. ಬೇರೆ ಮಕ್ಕಳು ಇಲ್ಲಿ ಮುಗ್ಗರಿಸುತ್ತಾರೆ, ಇವನು ಬೇಗ ಹಿಡಿದ, ಯಾಕೆಂದರೆ ಆಮ್ ನೀಲಿ, ರೋಟೀ ಕೆಂಪು ಅಂತ ಆಗಲೇ ಗೊತ್ತು. ಆದರೆ ಲಾನಾ, ಬೋಲ್ನಾ, ಭೂಲ್ನಾ ಈ ಮೂರಕ್ಕೆ 'ನೇ' ಬರುವುದಿಲ್ಲ. ಅವನು ಇನ್ನೂ 'ಮೈಂನೇ ದೂಧ್ ಲಾಯಾ' ಅಂತ ಬರೆಯುತ್ತಾನೆ. ಈ ತಿಂಗಳು ಹಾಲು ತರುವ ಕೆಲಸ ಅವನದ್ದೇ. ಬಾಗಿಲಲ್ಲಿ ನಿಂತು 'ಮೈಂ ದೂಧ್ ಲಾಯಾ' ಅಂತ ಸರಿಯಾಗಿ ಹೇಳಿದ ಮೇಲೇ ಚಿಲಕ ತೆಗೆಯುತ್ತೇನೆ.